ಉಬ್ಬಸದ ರಾತ್ರಿ, ಗಡಿಯಾರದ ಲೆಕ್ಕ

ಸಂಜೆ ಅಂಗಳದಲ್ಲಿ ಓಡಾಡಿಕೊಂಡಿದ್ದ ಮಗು ಊಟ ಮಾಡಿ ಮಲಗುತ್ತದೆ. ರಾತ್ರಿ ಎರಡೂವರೆ, ಮೂರು ಗಂಟೆಯ ಹೊತ್ತಿಗೆ ಒಣ ಕೆಮ್ಮು ಶುರುವಾಗುತ್ತದೆ, ಹಿಂದೆಯೇ ಎದೆಯಿಂದ ಸುಂಯ್ ಎಂಬ ಸದ್ದು. ಆಮೇಲೆ ಮಲಗಲಾರದೆ ಎದ್ದು ಕೂತು, ಎರಡೂ ಕೈಗಳನ್ನು ಹಾಸಿಗೆಗೆ ಊರಿ ಉಸಿರೆಳೆಯತೊಡಗುತ್ತದೆ. "ಹಗಲೆಲ್ಲ ಚೆನ್ನಾಗಿಯೇ ಇದ್ದಳಲ್ಲ" ಎಂದು ಮನೆಯವರು ಹೇಳುವ ಮಾತು ನಿಜವೇ. ಆಸ್ತಮಾ ಹಗಲಿಗಿಂತ ರಾತ್ರಿ ಹೆಚ್ಚು ಕಾಡುವ ಕಾಯಿಲೆ.

ಅದಕ್ಕೆ ಕಾರಣ ಮೈಯೊಳಗಿನ ದಿನಚರಿಯಲ್ಲಿದೆ. ಊತವನ್ನು ಹತ್ತಿಕ್ಕುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಏಳುವ ಹೊತ್ತಿಗೆ ಏರಿರುತ್ತದೆ, ನಡುರಾತ್ರಿಯ ಸುಮಾರಿಗೆ ತಳ ಮುಟ್ಟುತ್ತದೆ. ಶ್ವಾಸನಾಳಗಳನ್ನು ತೆರೆದಿಡುವ ಅಡ್ರಿನಲಿನ್ ಕೂಡ ಆಗ ಇಳಿಮುಖ. ನಿದ್ದೆಯಲ್ಲಿ ಮೇಲುಗೈಯಾಗುವ ವೇಗಸ್ ನರ ನಾಳಗಳನ್ನು ಬಿಗಿಗೊಳಿಸುವ ಕಡೆಗೇ ಎಳೆಯುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಎಲ್ಲರ ಶ್ವಾಸನಾಳಗಳೂ ಒಂದಿಷ್ಟು ಕಿರಿದಾಗುತ್ತವೆ, ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ. ಮೊದಲೇ ಊದಿಕೊಂಡಿರುವ ನಾಳಗಳಲ್ಲಿ ಮಾತ್ರ ಆ ಒಂದಿಷ್ಟೇ ದುಬಾರಿಯಾಗುತ್ತದೆ. ಗಾಳಿ ನಯವಾಗಿ ಹರಿಯುವ ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಅದರ ತಡೆ ಹದಿನಾರು ಪಟ್ಟು ಏರುತ್ತದೆಂಬುದು ಭೌತಶಾಸ್ತ್ರದ ಲೆಕ್ಕ. ಇದರ ಮೇಲೆ ಹಾಸಿಗೆ ದಿಂಬಿನ ದೂಳುನುಸಿ, ಜಾವದ ಚಳಿಗಾಳಿ, ಮಲಗಿದಾಗ ಗಂಟಲಿಗೆ ಬರುವ ಹುಳಿತೇಗು ಎಲ್ಲವೂ ಸೇರಿಕೊಳ್ಳುತ್ತವೆ.

ಆದ್ದರಿಂದಲೇ ವೈದ್ಯರು ಆಸ್ತಮಾ ರೋಗಿಗಳನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ "ಹೋದ ನಾಲ್ಕು ವಾರಗಳಲ್ಲಿ ರಾತ್ರಿ ಕೆಮ್ಮಿನಿಂದಲೋ ಉಬ್ಬಸದಿಂದಲೋ ಎಚ್ಚರವಾಗಿತ್ತೇ?" ಎಂಬುದೂ ಇರುತ್ತದೆ. ಒಂದೇ ಒಂದು ಸಲ ಎಚ್ಚರವಾಗಿದ್ದರೂ ಕಾಯಿಲೆ ಪೂರ್ತಿ ಹತೋಟಿಯಲ್ಲಿಲ್ಲ ಎಂದೇ ಲೆಕ್ಕ. ದೊಡ್ಡ ದಾಳಿಗಳು ಸಾಮಾನ್ಯವಾಗಿ ಹೀಗೆ ಒಂದೆರಡು ಸಣ್ಣ ರಾತ್ರಿಗಳ ಸುಳಿವು ಕೊಟ್ಟೇ ಬರುತ್ತವೆ.

ದಾಳಿಯ ಹೊತ್ತಿನಲ್ಲಿ ಒಳಗೆ ಎರಡು ಕೆಲಸ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಇವೆರಡನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಮುಂದಿನ ಮಾತೆಲ್ಲ ಸಲೀಸು. ಒಂದು, ಶ್ವಾಸನಾಳವನ್ನು ಸುತ್ತಿಕೊಂಡಿರುವ ಸ್ನಾಯು ಬಿಗಿದುಕೊಳ್ಳುವುದು. ಇನ್ನೊಂದು, ನಾಳದ ಒಳಗೋಡೆ ಊದಿ ಅಂಟಾದ ಕಫ ತುಂಬುವುದು. ನೀಲಿ ಇನ್ಹೇಲರಿನಲ್ಲಿರುವ ಸಾಲ್ಬುಟಮಾಲ್ (ಅನೇಕರ ಬಾಯಲ್ಲಿ ಅದು ಆಸ್ತಾಲಿನ್) ಸ್ನಾಯುವಿನ ಬಿಗಿಯನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಅದರ ಕೆಲಸ ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಊತದ ತಂಟೆಗೆ ಅದು ಹೋಗುವುದಿಲ್ಲ. ಊತ ಇಳಿಸುವುದು ಸ್ಟೆರಾಯ್ಡ್, ಅದಕ್ಕೆ ಗಂಟೆಗಟ್ಟಲೆ ಕಾಲ ಬೇಕು. ಹಾಗಾಗಿ ಸಾಲ್ಬುಟಮಾಲ್ ತೆಗೆದುಕೊಂಡ ಮೇಲೆ ಸಿಕ್ಕ ಆರಾಮ ನಾಲ್ಕು ಗಂಟೆ ನಿಂತರೆ ತೊಂದರೆ ಹೆಚ್ಚಾಗಿ ಸ್ನಾಯುವಿನದ್ದು. ಒಂದೂವರೆ ಗಂಟೆಗೇ ಮತ್ತೆ ಎದೆ ಕಟ್ಟಿದರೆ ಒಳಗೆ ಊತ ಬೆಳೆದಿದೆ ಎಂದರ್ಥ, ಮನೆಯಲ್ಲಿ ಅದಕ್ಕೆ ತಕ್ಕ ಮದ್ದು ಸಾಮಾನ್ಯವಾಗಿ ಇರುವುದಿಲ್ಲ. ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಎದೆಯ ಸದ್ದಿಗಿಂತ ಗೋಡೆಯ ಗಡಿಯಾರವೇ ಹೆಚ್ಚು ನೆರವಾಗುತ್ತದೆ ಎನ್ನುವುದು ಇದಕ್ಕೇ.

ಈ ಲೆಕ್ಕ ನಡೆಯಬೇಕಾದರೆ ಔಷಧ ನಿಜವಾಗಿಯೂ ಎದೆಯೊಳಗೆ ಇಳಿದಿರಬೇಕು. ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ.

ಒತ್ತಿ ಸೇದುವ ಇನ್ಹೇಲರಿನ ಹುಟ್ಟಿನ ಹಿಂದೆ ಒಬ್ಬ ಹುಡುಗಿಯ ಪ್ರಶ್ನೆ ಇದೆ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರನ್ನು ಆಸ್ತಮಾ ಇದ್ದ ಅವರ ಹದಿಮೂರು ವರ್ಷದ ಮಗಳು, ಕೂದಲಿಗೆ ಹೊಡೆಯುವ ಸ್ಪ್ರೇ ಥರ ನನ್ನ ಔಷಧವನ್ನೂ ಯಾಕೆ ಡಬ್ಬಿಯಲ್ಲಿ ತುಂಬಬಾರದು ಎಂದು ಕೇಳಿದ್ದಳು. ಮರುವರ್ಷವೇ ಅಂಥ ಇನ್ಹೇಲರ್ ಮಾರುಕಟ್ಟೆಗೆ ಬಂತು. ಕೂದಲಿನ ಸ್ಪ್ರೇಯ ಗುಣವೂ ಅದರ ಜೊತೆಗೇ ಬಂತು: ಡಬ್ಬಿ ಒತ್ತಿದೊಡನೆ ಔಷಧ ಭಾರಿ ವೇಗದಲ್ಲಿ ನೇರ ಚಿಮ್ಮುತ್ತದೆ. ನಮ್ಮ ಗಂಟಲಾದರೋ ನೇರವಾಗಿಲ್ಲ, ಬಾಯಿಯ ಹಿಂದೆ ಕೆಳಕ್ಕೆ ತಿರುಗುತ್ತದೆ. ವೇಗವಾಗಿ ಬಂದ ಹನಿಗಳು ಆ ತಿರುವಿನಲ್ಲಿ ಗಂಟಲ ಹಿಂಗೋಡೆಗೆ ಬಡಿದು ಅಲ್ಲೇ ಕೂರುತ್ತವೆ. ಚೆನ್ನಾಗಿ ಕಲಿತವರು ಬಳಸಿದರೂ ಹೆಚ್ಚಿನ ಪಾಲು ಎದೆಗೆ ಇಳಿಯುವುದಿಲ್ಲ. ಒತ್ತುವುದೂ ಉಸಿರೆಳೆಯುವುದೂ ಒಂದು ಕ್ಷಣ ಹಿಂದುಮುಂದಾದರೆ ಬಹುಪಾಲು ಗಂಟಲಿಗೇ ಸಂದಾಯ. ಕಹಿಯಾಯಿತು, ಮದ್ದು ಬಂತು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಕಹಿ ನಾಲಿಗೆಯ ಮೇಲೆ ವ್ಯರ್ಥವಾದ ಮದ್ದಿನದು.

ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಮಾಡುವುದು ಇಷ್ಟೇ: ಚಿಮ್ಮಿದ ಔಷಧಕ್ಕೆ ವೇಗ ಕಳೆದುಕೊಳ್ಳಲು ಒಂದಿಷ್ಟು ಜಾಗ ಕೊಡುತ್ತದೆ. ದೊಡ್ಡ ಹನಿಗಳು ಅದರ ಗೋಡೆಗೆ ಅಂಟುತ್ತವೆ, ಸಣ್ಣವು ಒಳಗೆ ತೇಲುತ್ತಾ ನಿಲ್ಲುತ್ತವೆ, ನಾವು ನಿಧಾನಕ್ಕೆ ಎಳೆದುಕೊಳ್ಳುತ್ತೇವೆ. ಒತ್ತುವುದನ್ನೂ ಸೇದುವುದನ್ನೂ ಕೂದಲೆಳೆಯಷ್ಟು ಹೊಂದಿಸುವ ಕಷ್ಟ ತಪ್ಪುತ್ತದೆ. ಸ್ಪೇಸರ್ ಮಕ್ಕಳಿಗೆ ಮಾತ್ರ, ದೊಡ್ಡವರು ಹಿಡಿದರೆ ಕಾಯಿಲೆ ಜೋರಾಗಿದೆ ಎಂದುಕೊಳ್ಳುತ್ತಾರೆ ಎಂಬ ನಾಚಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಉಬ್ಬಸ ಏರಿದ ರಾತ್ರಿ ಯಾರಿಗೂ ಕೈ ಉಸಿರುಗಳನ್ನು ಹೊಂದಿಸುವ ತಾಳ್ಮೆ ಇರುವುದಿಲ್ಲ, ಅರವತ್ತು ವರ್ಷದವರಿಗೂ ಅದೇ ಬೇಕು.

ಬಳಸುವ ಕ್ರಮ ಹೀಗೆ. ರೋಗಿಯನ್ನು ನೆಟ್ಟಗೆ ಕೂರಿಸಿ. ಇನ್ಹೇಲರಿನ ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ಔಷಧವೂ ಅದನ್ನು ತಳ್ಳುವ ದ್ರವವೂ ನಿಂತಲ್ಲೇ ಬೇರ್ಪಡುವುದರಿಂದ ಪ್ರತಿ ಪಫ್‌ಗೆ ಮುಂಚೆ ಹೊಸದಾಗಿ ಕುಲುಕಬೇಕು. ಡಬ್ಬಿ ಹೊಸದಾಗಿದ್ದರೆ, ಅಥವಾ ವಾರಗಟ್ಟಲೆ ಮುಟ್ಟದೆ ಇಟ್ಟದ್ದಾದರೆ ಮೊದಲ ಕೆಲವು ಪಫ್‌ಗಳನ್ನು ಗಾಳಿಗೆ ಬಿಡಬೇಕು. ಇನ್ಹೇಲರನ್ನು ಸ್ಪೇಸರಿನ ಹಿಂಭಾಗಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚಬೇಕು. ಆಮೇಲೆ ಆದಷ್ಟು ಉಸಿರು ಹೊರಗೆ ಬಿಟ್ಟು, ಡಬ್ಬಿಯನ್ನು ಒಂದೇ ಒಂದು ಸಲ ಒತ್ತಿ, ಕೂಡಲೇ ಬಾಯಿಂದ ನಿಧಾನವಾಗಿ, ಆಳವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ದಮ್ಮು ಕಟ್ಟಿದವರಿಗೆ ಹಿಡಿದಿಡಲಾಗದಿದ್ದರೆ, ಸಣ್ಣ ಮಕ್ಕಳಿಗಾದರೆ, ಸ್ಪೇಸರನ್ನು ಬಾಯಿಂದ ತೆಗೆಯದೆ ಐದಾರು ಸಹಜ ಉಸಿರು ಆಡಿಸಿದರೆ ಸಾಕು. ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಎರಡನೆಯದು.

"ಒಂದೇ ಒಂದು ಸಲ" ಎಂಬುದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗಾಬರಿಯಲ್ಲಿ ನಾಲ್ಕು ಪಫ್ ಒಟ್ಟಿಗೇ ಹೊಡೆದು ಒಂದೇ ಉಸಿರಿಗೆ ಎಳೆಸುವವರುಂಟು. ಹಾಗೆ ಮಾಡಿದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗಿ ಗೋಡೆಗೆ ಅಂಟುತ್ತವೆ, ಎದೆಗೆ ನಾಲ್ಕರ ಪಾಲು ಸಿಗುವುದಿಲ್ಲ. ಒತ್ತಿ ಆಮೇಲೆ ಮಗುವಿನ ಬಾಯಿಗೆ ಹಿಡಿಯುವ ಹೊತ್ತಿಗೂ ಅರ್ಧ ಔಷಧ ಕೆಳಗೆ ಕೂತಿರುತ್ತದೆ. ಕೆಲವು ಸ್ಪೇಸರ್‌ಗಳು ಸಿಳ್ಳೆ ಹೊಡೆಯುತ್ತವೆ. ಮಕ್ಕಳಿಗೆ ಅದು ಆಟ, ಆದರೆ ಆ ಸಿಳ್ಳೆ ತೀರಾ ಜೋರಾಗಿ ಎಳೆಯುತ್ತಿದ್ದೀರಿ ಎಂಬ ಎಚ್ಚರಿಕೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮುಖಕ್ಕೆ ಹಿಡಿಯುವ ಮಾಸ್ಕ್ ಇರುತ್ತದೆ, ಅದು ಮೂಗು ಬಾಯಿಗಳ ಸುತ್ತ ಸಂದಿಲ್ಲದೆ ಕೂರಬೇಕು. ಅಳುವ ಮಗು ಮದ್ದನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ ಎಂಬ ಮಾತು ತಪ್ಪು. ಅಳುವಾಗ ಮಗು ಉದ್ದಕ್ಕೆ ಉಸಿರು ಬಿಡುತ್ತಿರುತ್ತದೆ, ಎದೆಗೆ ಇಳಿಯುವುದು ಕಡಿಮೆ. ತೊಡೆಯ ಮೇಲೆ ಕೂರಿಸಿಕೊಂಡು, ಮೊದಲು ಬರೀ ಮಾಸ್ಕ್ ಹಿಡಿದು ಸಮಾಧಾನಪಡಿಸಿ ಒತ್ತುವುದು ಲೇಸು.

ಸ್ಪೇಸರ್ ತೊಳೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ಅಚ್ಚುಕಟ್ಟಿನ ಗೃಹಿಣಿಯರು ಅದನ್ನು ಒಳಗೂ ಹೊರಗೂ ಬಟ್ಟೆಯಿಂದ ಉಜ್ಜಿ ಥಳಥಳ ಹೊಳೆಯಿಸುತ್ತಾರೆ. ಸಾಮಾನ್ಯ ಪ್ಲಾಸ್ಟಿಕ್ಕನ್ನು ಉಜ್ಜಿದಷ್ಟೂ ಸ್ಥಿರವಿದ್ಯುತ್ ಹುಟ್ಟುತ್ತದೆ, ಔಷಧದ ಕಣಗಳನ್ನು ಅದು ಗೋಡೆಗೆ ಸೆಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಉಗುರುಬೆಚ್ಚನೆಯ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಭಾಗಗಳನ್ನು ಬಿಡಿಸಿ ಅದ್ದಿ, ಒರೆಸದೆ ನೀರಿಳಿಯಲು ಬಿಟ್ಟು ತಾನಾಗಿ ಒಣಗಿಸಬೇಕು. ಬಾಯಿಗೆ ತಗಲುವ ಭಾಗವನ್ನು ಮಾತ್ರ ಒರೆಸಬಹುದು. ಈ ತೊಂದರೆ ಕಡಿಮೆ ಇರುವ, ಸ್ಥಿರವಿದ್ಯುತ್ ಹಿಡಿಯದ ಪ್ಲಾಸ್ಟಿಕ್ಕಿನ ಸ್ಪೇಸರ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ.

ಸ್ಪೇಸರ್ ಇಲ್ಲದ ಊರಿನಲ್ಲಿ ಏನು ಮಾಡುವುದು? ದಕ್ಷಿಣ ಆಫ್ರಿಕದ ಕೇಪ್ ಟೌನಿನ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಅವರ ತಂಡ ಇದನ್ನೇ ಪರೀಕ್ಷಿಸಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ತಂಪು ಪಾನೀಯದ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿಯ ಆಕಾರಕ್ಕೇ ತೂತು ಮಾಡಿ, ಸಂದಿಗೆ ಅಂಟು ಹಾಕಿ ಗಾಳಿ ಸೋರದಂತೆ ಮುಚ್ಚಿದರೆ, ಅದು ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. ತೂತು ಮಾಡಲು ಇನ್ಹೇಲರಿನ ಬಾಯಿಯಳತೆಗೆ ಬಗ್ಗಿಸಿದ ತಂತಿಯನ್ನು ಕಾಯಿಸಿ ಒತ್ತುತ್ತಾರೆ. ಪ್ಲಾಸ್ಟಿಕ್ ಲೋಟಕ್ಕೆ ತೂತು ಮಾಡಿದ್ದು ಅಷ್ಟು ಚೆನ್ನಾಗಿ ನಡೆಯಲಿಲ್ಲ. ಬಾಟಲಿಯನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು. ಉಬ್ಬಸ ಬಂದಾಗ ತಂತಿ ಕಾಯಿಸುತ್ತ ಕೂರಲು ಆಗದು.

ನಮ್ಮಲ್ಲಿ ಇನ್ನೊಂದು ಗೊಂದಲವೂ ಇದೆ. ಕ್ಯಾಪ್ಸೂಲ್ ಹಾಕಿ ತಿರುಗಿಸಿ ಪುಡಿ ಸೇದುವ ಸಾಧನ (ರೋಟಾಹೇಲರ್) ಅಗ್ಗವಾದ್ದರಿಂದ ಬಹಳ ಮನೆಗಳಲ್ಲಿದೆ. ಅದರ ವಿಧಾನ ಪೂರಾ ತಿರುಗುಮುರುಗು. ಅದರಲ್ಲಿ ತಳ್ಳುವ ದ್ರವ ಇಲ್ಲ, ಪುಡಿಯನ್ನು ಎಬ್ಬಿಸುವುದು ನಮ್ಮ ಉಸಿರೇ. ಆದ್ದರಿಂದ ರಭಸವಾಗಿ ಎಳೆಯಬೇಕು, ಸ್ಪೇಸರಿಗೆ ಜೋಡಿಸುವಂತಿಲ್ಲ. ಉಬ್ಬಸ ಏರಿ ಉಸಿರೇ ಸಾಲದಾಗಿರುವವರು, ಅದರಲ್ಲೂ ಮಕ್ಕಳು, ಆ ರಭಸ ತರಲಾರರು. ದಿನದ ಮದ್ದಿಗೆ ಪುಡಿಯ ಸಾಧನ ಇದ್ದರೂ ತುರ್ತಿಗೆಂದು ಒತ್ತುವ ಇನ್ಹೇಲರ್ ಮತ್ತು ಸ್ಪೇಸರ್ ಮನೆಯಲ್ಲಿರಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇಷ್ಟನ್ನು ಇಟ್ಟುಕೊಂಡು ಒಂದು ರಾತ್ರಿಯನ್ನು ಗಂಟೆಗಂಟೆಯಾಗಿ ನೋಡೋಣ. ಇದು ಒಬ್ಬರದೇ ಕಥೆಯಲ್ಲ, ಇಂಥ ಮನೆಗಳಲ್ಲಿ ನಡೆಯುವುದನ್ನು ಒಟ್ಟುಗೂಡಿಸಿ ಕಟ್ಟಿದ್ದು. ಸಕಲೇಶಪುರದ ಕಡೆಯ ಹಳ್ಳಿ, ಆಗಸ್ಟ್ ತಿಂಗಳು, ಬಿಡದ ಮಳೆ. ಹನ್ನೊಂದು ವರ್ಷದ ಹುಡುಗಿ, ತೂಕ ಸುಮಾರು 30 ಕೆ.ಜಿ. ಎರಡು ದಿನದಿಂದ ನೆಗಡಿ. ಮಕ್ಕಳಲ್ಲಿ ಉಬ್ಬಸ ಕೆರಳಿಸುವ ಕಾರಣಗಳಲ್ಲಿ ನೆಗಡಿಯ ವೈರಸ್ಸೇ ಮುಂದು. ದಿನಾ ಎರಡು ಹೊತ್ತು ಸೇದಬೇಕಿದ್ದ ಸ್ಟೆರಾಯ್ಡ್ ಇನ್ಹೇಲರನ್ನು ಬೇಸಗೆಯಲ್ಲಿ ಚೆನ್ನಾಗಿದ್ದಾಳೆಂದು ಅಪ್ಪ ನಿಲ್ಲಿಸಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಮಳೆಯಲ್ಲಿ ಮುಕ್ಕಾಲು ಗಂಟೆಯ ದಾರಿ.

ರಾತ್ರಿ 2:40ಕ್ಕೆ ಹುಡುಗಿ ಎದ್ದು ಕೂರುತ್ತಾಳೆ. "ಬಿಸಿನೀರಿನ ಆವಿ ಹಿಡಿಸಮ್ಮ" ಎನ್ನುತ್ತಾರೆ ಅಜ್ಜಿ. ಆವಿ ಕಟ್ಟಿದ ಮೂಗಿಗೆ ಹಿತ ಕೊಟ್ಟೀತು, ಬಿಗಿದ ಶ್ವಾಸನಾಳವನ್ನು ಬಿಡಿಸುವುದಿಲ್ಲ, ಗಾಬರಿಯ ಹೊತ್ತಿನಲ್ಲಿ ಕುದಿನೀರು ಮೈಮೇಲೆ ಬೀಳುವ ಭಯ ಬೇರೆ. ಅಮ್ಮ ಸ್ಪೇಸರ್ ತರುತ್ತಾಳೆ. ಮದ್ದಿಗೆ ಮುಂಚೆ ಎರಡು ಸಂಗತಿ ನೋಡಿಕೊಳ್ಳುತ್ತಾಳೆ. ಮಗಳು ಸಣ್ಣ ವಾಕ್ಯ ಪೂರ್ತಿ ಹೇಳುತ್ತಿದ್ದಾಳೆ. ಒಂದು ನಿಮಿಷಕ್ಕೆ 28 ಉಸಿರು. ನಾಲ್ಕು ಪಫ್, ಒಂದೊಂದಾಗಿ, ಪ್ರತಿಯೊಂದಕ್ಕೂ ಐದಾರು ಉಸಿರು. ಕ್ಯಾಲೆಂಡರಿನ ಹಿಂದೆ "2:45, ನಾಲ್ಕು" ಎಂದು ಗೀಚುತ್ತಾಳೆ. ಹುಡುಗಿಯ ಕೈ ಸ್ವಲ್ಪ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ಅದು ಸಾಲ್ಬುಟಮಾಲ್‌ನ ಗುಣ, ಅದಕ್ಕೆ ಹೆದರಿ ಮದ್ದು ನಿಲ್ಲಿಸಬೇಕಾಗಿಲ್ಲ.

ಇಪ್ಪತ್ತು ನಿಮಿಷ ಕಾದು ಮತ್ತೆ ನೋಡಿದರೆ ಸುಂಯ್ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. 3:05ಕ್ಕೆ ಮತ್ತೆ ನಾಲ್ಕು. 3:25ಕ್ಕೆ ಉಸಿರು 22ಕ್ಕಿಳಿದಿದೆ, ಅಮ್ಮನ ಜೊತೆ ಮಾತಾಡುತ್ತಾಳೆ, ದಿಂಬುಗಳಿಗೆ ಒರಗಿ ನಿದ್ದೆ ಹೋಗುತ್ತಾಳೆ. ಮೊದಲ ಗಂಟೆಯಲ್ಲಿ ಹೀಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು ಸಲದವರೆಗೆ ಕೊಡಬಹುದು, ಆರು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಸಲಕ್ಕೆ ನಾಲ್ಕು ಪಫ್ ಸಾಮಾನ್ಯ ಲೆಕ್ಕ. ಐದು ವರ್ಷದೊಳಗಿನವರಿಗೆ ಎರಡರಿಂದ ಶುರು ಮಾಡುತ್ತಾರೆ, ಎರಡು ಗಂಟೆಯಲ್ಲಿ ಆರಕ್ಕಿಂತ ಹೆಚ್ಚು ಬೇಕಾದರೆ ಆಸ್ಪತ್ರೆಯೇ ಸರಿ. ಇದು 100 ಮೈಕ್ರೋಗ್ರಾಮಿನ ಸಾಲ್ಬುಟಮಾಲ್ ಪಫ್‌ನ ಲೆಕ್ಕ. ಬುಡೆಸೊನೈಡ್-ಫಾರ್ಮೊಟೆರಾಲ್ ಕೂಡಿದ ಒಂದೇ ಇನ್ಹೇಲರನ್ನು ತುರ್ತಿಗೂ ಬಳಸಿ ಎಂದು ವೈದ್ಯರು ಹೇಳಿದ್ದರೆ ಅದರ ಮಿತಿ ಬೇರೆ, ಅವರು ಬರೆದುಕೊಟ್ಟದ್ದನ್ನೇ ಅನುಸರಿಸಬೇಕು.

ನಮ್ಮ ಹುಡುಗಿಗೆ 5:10ಕ್ಕೆ ಮತ್ತೆ ಎಚ್ಚರ. ಮೊದಲಿನಷ್ಟೇ ಸದ್ದು. "ಇನ್ನೊಂದು ಗಂಟೆಗೆ ಬೆಳಕಾಗುತ್ತೆ, ನೋಡೋಣ" ಎನ್ನುತ್ತಾರೆ ಅಪ್ಪ. ಈ ಕಥೆಯಲ್ಲಿ ಅತ್ಯಂತ ಅಪಾಯದ ಮಾತು ಇದೇ. ಕೊನೆಯ ಪಫ್ ಕೊಟ್ಟು ಎರಡು ಗಂಟೆ ಐದು ನಿಮಿಷವಾಗಿದೆ. ಎಂಟು ಪಫ್ ಸರಿಯಾಗಿ ಇಳಿದೂ ಆರಾಮ ಮೂರು ಗಂಟೆ ನಿಂತಿಲ್ಲ. ಊತ ಗೆಲ್ಲುತ್ತಿದೆ ಎಂದು ಗಡಿಯಾರ ಹೇಳಿಯಾಗಿದೆ. ಇದಕ್ಕೆ ದಾರಿಯ ಮುಕ್ಕಾಲು ಗಂಟೆಯನ್ನೂ ಸೇರಿಸಬೇಕು. ಪೇಟೆಯಲ್ಲಿ ಹತ್ತು ನಿಮಿಷದ ದೂರದವರು ಇನ್ನೊಂದು ಸುತ್ತು ಮದ್ದು ಕೊಟ್ಟು ನೋಡಿಯಾರು, ಹಳ್ಳಿಯವರಿಗೆ ಆ ಅನುಕೂಲವಿಲ್ಲ. ದೂರ ಇದ್ದಷ್ಟೂ ಬೇಗ ಹೊರಡಬೇಕು. ಅಮ್ಮ ನಾಲ್ಕು ಪಫ್ ಕೊಟ್ಟು, 108ಕ್ಕೆ ಕರೆ ಮಾಡಿಸಿ, ದಾರಿಯುದ್ದಕ್ಕೂ ಇಪ್ಪತ್ತು ನಿಮಿಷಕ್ಕೊಮ್ಮೆ ಸ್ಪೇಸರ್ ಹಿಡಿಸುತ್ತಾಳೆ. ಆಸ್ಪತ್ರೆ ಮುಟ್ಟುವಾಗ ಹುಡುಗಿ ವಾಕ್ಯ ಬಿಟ್ಟು "ನೀರು", "ಸಾಕು" ಎಂದು ಒಂದೊಂದೇ ಪದ ಆಡುತ್ತಿರುತ್ತಾಳೆ. ಆಮ್ಲಜನಕದ ಮಟ್ಟ 91. ಆರೂವರೆಗೆ ಮನೆಯಿಂದ ಹೊರಟಿದ್ದರೆ ಆ ಸ್ಥಿತಿ ದಾರಿಯಲ್ಲೇ ಬರುತ್ತಿತ್ತು.

ಗಡಿಯಾರ ನೋಡುವಷ್ಟೂ ಪುರಸೊತ್ತಿಲ್ಲದ ಸಂದರ್ಭಗಳಿವೆ. ಮೊದಲಿಗೇ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಎಳೆಮಗು ಹಾಲು ಕುಡಿಯಲಾಗದಿದ್ದರೆ, ಉಸಿರು ನಿಮಿಷಕ್ಕೆ ಮೂವತ್ತು ದಾಟಿದರೆ (ಇದು ಆರು ವರ್ಷ ಮೇಲ್ಪಟ್ಟವರ ಲೆಕ್ಕ, ಕೂಸುಗಳ ಉಸಿರು ಸಹಜವಾಗಿಯೇ ಹೆಚ್ಚು), ಆಗ ಇಪ್ಪತ್ತು ನಿಮಿಷ ಕಾಯದೆ ಹೊರಡಬೇಕು, ಮದ್ದನ್ನು ದಾರಿಯಲ್ಲೇ ಕೊಡುತ್ತಾ ಹೋಗಬೇಕು. ಮಗುವಿನ ಅಂಗಿ ಬಿಚ್ಚಿ ನೋಡಿ: ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಕತ್ತಿನ ಬುಡದ ಗುಳಿ ಆಳವಾಗುತ್ತಿದ್ದರೆ ಅದೂ ಇದೇ ಸಾಲಿಗೆ ಸೇರಿದ್ದು. ತುಟಿ ನೀಲಿಗಟ್ಟುವುದು, ತೂಕಡಿಕೆ, ಮಾತು ತಡವರಿಸುವುದು ಕೊನೆಯ ಹಂತದ ಲಕ್ಷಣಗಳು, ಅವಕ್ಕಾಗಿ ಕಾಯಬಾರದು. ತೂಗಿಬೀಳುವ ಮಗುವನ್ನು "ಪಾಪ, ರಾತ್ರಿಯೆಲ್ಲ ಎದ್ದಿತ್ತು, ಈಗ ಮಲಗಿತು" ಎಂದು ಬಿಡುವವರಿದ್ದಾರೆ. ದಣಿದ ಎದೆಯೂ ಹಾಗೆಯೇ ಮಲಗಿಸುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವುದು ಸದ್ದು ನಿಲ್ಲುವುದು. ಕೊಳಲಿಗೆ ಗಾಳಿ ಹೋದರೆ ತಾನೆ ನಾದ? ಉಬ್ಬಸದ ಸಿಳ್ಳೆಯೂ ಕಿರಿದಾದ ನಾಳದಲ್ಲಿ ಗಾಳಿ ಆಡಿದರಷ್ಟೇ ಹುಟ್ಟುತ್ತದೆ. ಸದ್ದು ನಿಂತು ಮುಖ ಗೆಲುವಾಗಿ ಮಾತು ಮರಳಿದರೆ ಆರಾಮ ಬಂದಿದೆ. ಸದ್ದು ನಿಂತೂ ಹೆಗಲು ಮೇಲೆ ಕೆಳಗೆ ಆಡುತ್ತಲೇ ಇದ್ದರೆ ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ವೈದ್ಯರು ಸ್ಟೆತಸ್ಕೋಪ್ ಇಟ್ಟು ಹೆದರುವುದು ಇಂಥ ನಿಶ್ಶಬ್ದ ಎದೆಗೇ.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಹಲವು ಮನೆಗಳಲ್ಲಿದೆ. ಅದು 92 ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ ಹೊರಡಿ. 96 ತೋರಿಸಿತೆಂದು ಮಾತ್ರ ನಿಲ್ಲಬೇಡಿ. ಉಬ್ಬಸದಲ್ಲಿ ಎದೆ ಜೋರಾಗಿ ದುಡಿದು ಬಹಳ ಹೊತ್ತು ಆ ಅಂಕಿಯನ್ನು ಕಾಯ್ದುಕೊಳ್ಳುತ್ತದೆ. ಉಗುರು ಬಣ್ಣ, ತಣ್ಣಗಿನ ಬೆರಳು ಅಂಕಿಯನ್ನು ಏರುಪೇರು ಮಾಡುತ್ತವೆ, ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ತುಸು ಹೆಚ್ಚೇ ತೋರಿಸಬಹುದು. ಯಂತ್ರಕ್ಕೂ ಮೈಗೂ ಹೊಂದಾಣಿಕೆಯಾಗದಿದ್ದರೆ ಮೈಯನ್ನು ನಂಬಿ. ಇನ್ನು, ಹಿಂದೆ ಯಾವಾಗಲಾದರೂ ಉಬ್ಬಸಕ್ಕೆ ಐಸಿಯು ಸೇರಿದ್ದವರು, ಕಳೆದ ಒಂದು ವರ್ಷದಲ್ಲಿ ಆಸ್ಪತ್ರೆಗೆ ದಾಖಲಾಗಿದ್ದವರು ಈ ಎಲ್ಲ ಗಡುವುಗಳನ್ನೂ ಮೊಟಕುಗೊಳಿಸಿಕೊಳ್ಳಬೇಕು. ಅವರಲ್ಲಿ ದಾಳಿ ಬೇಗ ಬಿಗಡಾಯಿಸುತ್ತದೆ.

ಆಸ್ಪತ್ರೆಯಲ್ಲಿ ಆ ಹುಡುಗಿಗೆ ಸಿಗುವುದು ಮನೆಯಲ್ಲಿ ಇಲ್ಲದ ಎರಡು ವಸ್ತು. ಒಂದು ಆಮ್ಲಜನಕ. ಇನ್ನೊಂದು ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್, ದಿನಕ್ಕೆ 30 ಮಿ.ಗ್ರಾಂನಂತೆ ಮೂರರಿಂದ ಐದು ದಿನ. ಅದು ಕೆಲಸಕ್ಕೆ ಹತ್ತಲು ನಾಲ್ಕು ಗಂಟೆಯಾದರೂ ಬೇಕು, ಬೇಗ ಬಂದವರಿಗೆ ಬೇಗ ಗುಣ ಎನ್ನುವುದು ಅದಕ್ಕೇ. ನುಂಗಲು ಆಗುವವರಿಗೆ ಮಾತ್ರೆ ಇಂಜೆಕ್ಷನ್ನಿನಷ್ಟೇ ಸಮರ್ಥ. ಜೊತೆಗೆ ಸಾಲ್ಬುಟಮಾಲ್, ಇಪ್ರಾಟ್ರೋಪಿಯಂ ಬೆರೆಸಿ ನೆಬ್ಯುಲೈಸರ್ ಹಿಡಿಸುತ್ತಾರೆ, ಅಷ್ಟಕ್ಕೂ ಬಗ್ಗದಿದ್ದರೆ ಮೆಗ್ನೀಸಿಯಂ ಸಲ್ಫೇಟನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹೊಗೆಯಾಡುವ ನೆಬ್ಯುಲೈಸರ್ ನೋಡಿ ಅದೇ ದೊಡ್ಡ ಮದ್ದು ಎಂದು ಜನ ನಂಬುತ್ತಾರೆ, ಸಾಲ ಮಾಡಿ ಮನೆಗೂ ತರುತ್ತಾರೆ. ತೀರಾ ವಿಷಮಿಸದ ಉಬ್ಬಸದಲ್ಲಿ ಸರಿಯಾಗಿ ಬಳಸಿದ ಸ್ಪೇಸರ್ ಅದಕ್ಕೆ ಏನೂ ಕಡಿಮೆಯಿಲ್ಲ. ಮನೆಯ ನೆಬ್ಯುಲೈಸರಿನ ನಿಜವಾದ ಕೆಡುಕೆಂದರೆ ಅದನ್ನು ಹಿಡಿಸುತ್ತ ಹಿಡಿಸುತ್ತ ಬೆಳಗಾಗಿಬಿಡುವುದು.

ಮನೆಗೆ ಬಂದ ಮೇಲೆ ಒಂದೆರಡು ದಿನದಲ್ಲಿ ಮತ್ತೆ ವೈದ್ಯರನ್ನು ಕಾಣಬೇಕು, ನಿಲ್ಲಿಸಿದ್ದ ದಿನದ ಇನ್ಹೇಲರ್ ಮತ್ತೆ ಶುರುವಾಗಬೇಕು. "ಸ್ಟೆರಾಯ್ಡ್ ಅಲ್ಲವಾ, ಡಾಕ್ಟ್ರೇ?" ಎಂದು ಅಪ್ಪ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಂಥ ಇನ್ಹೇಲರಿನಲ್ಲಿ ಈ ವಯಸ್ಸಿನವರಿಗೆ ದಿನಕ್ಕೆ 200 ಮೈಕ್ರೋಗ್ರಾಂ ಬುಡೆಸೊನೈಡ್ ಎಂದಿಟ್ಟುಕೊಳ್ಳಿ. ವರ್ಷವಿಡೀ ಸೇದಿದರೆ 73 ಮಿ.ಗ್ರಾಂ. ಆಸ್ಪತ್ರೆಯ ಮಾತ್ರೆ ನಾಲ್ಕೇ ದಿನಕ್ಕೆ 120 ಮಿ.ಗ್ರಾಂ. ಎರಡೂ ಬೇರೆ ಬೇರೆ ಔಷಧ, ತೂಕಕ್ಕೆ ತೂಕ ಹೋಲಿಸುವಂತಿಲ್ಲ, ಆದರೂ ಮಾತ್ರೆ ಇಡೀ ಮೈಗೆ ಹೋಗುತ್ತದೆ, ಇನ್ಹೇಲರಿನದು ಬಹುಮಟ್ಟಿಗೆ ಎದೆಗಷ್ಟೇ. ದಿನಾ ಸೇದುವ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂ.ಮೀ. ವ್ಯತ್ಯಾಸ ಕಂಡಿರುವುದುಂಟು, ಅದನ್ನು ಮುಚ್ಚಿಡಬೇಕಿಲ್ಲ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ನಾಲಿಗೆಯ ಮೇಲೆ ಬೂಷ್ಟು ಕಟ್ಟುವುದೂ ದನಿ ಒಡೆಯುವುದೂ ಬಹುಪಾಲು ತಪ್ಪುತ್ತದೆ.

ನೀಲಿ ಇನ್ಹೇಲರ್ ಒಂದನ್ನೇ ನಂಬಿ ವರ್ಷಗಟ್ಟಲೆ ನಡೆಸುವವರಿದ್ದಾರೆ. ಜಾಗತಿಕ ಆಸ್ತಮಾ ಮಾರ್ಗಸೂಚಿ ರೂಪಿಸುವ ಗಿನಾ ಸಂಸ್ಥೆ 2019ರಿಂದ, ಹನ್ನೆರಡು ವರ್ಷ ಮೇಲ್ಪಟ್ಟ ಯಾರಿಗೂ ಸಾಲ್ಬುಟಮಾಲ್ ಒಂದರಲ್ಲೇ ಚಿಕಿತ್ಸೆ ಬೇಡ ಎಂದು ಹೇಳುತ್ತಿದೆ. ಒಂದು ಡಬ್ಬಿಯಲ್ಲಿ 200 ಪಫ್. ವರ್ಷಕ್ಕೆ ಮೂರು ಡಬ್ಬಿ ಖರ್ಚಾದರೆ ಆಸ್ಪತ್ರೆ ಕಾಣುವಂಥ ದಾಳಿಯ ಸಂಭವ ಏರುತ್ತದೆ, ತಿಂಗಳಿಗೊಂದರಂತೆ ಹನ್ನೆರಡಾದರೆ ಸಾವಿನ ಸಂಭವವೇ ಏರುತ್ತದೆ. ಡಬ್ಬಿಯನ್ನು ನೀರಿಗೆ ಹಾಕಿ ತೇಲಿದರೆ ಖಾಲಿ, ಮುಳುಗಿದರೆ ತುಂಬಿದೆ ಎಂದು ನೋಡುವ ಹಳೆಯ ಪದ್ಧತಿಯನ್ನು ನಂಬಬಾರದು. ಮದ್ದು ಮುಗಿದ ಮೇಲೂ ತಳ್ಳುವ ದ್ರವ ಉಳಿದಿರುತ್ತದೆ, ಒತ್ತಿದರೆ ಬುಸ್ ಎನ್ನುತ್ತದೆ, ಎದೆಗೆ ಏನೂ ಇಳಿಯುವುದಿಲ್ಲ. ಪಫ್ ಎಣಿಕೆಯ ಕಿಂಡಿ ಇರುವ ಇನ್ಹೇಲರ್ ಸಿಕ್ಕರೆ ಅದನ್ನೇ ಕೊಳ್ಳಿ. ಇಲ್ಲವಾದರೆ ಹೊಸ ಡಬ್ಬಿ ತೆರೆದ ತಾರೀಖನ್ನು ಅದರ ಮೈಮೇಲೇ ಬರೆದು, ಮುಗಿದ ಡಬ್ಬಿಗಳನ್ನು ಎಸೆಯದೆ ಚೀಲದಲ್ಲಿ ಹಾಕಿಟ್ಟು, ಮುಂದಿನ ಸಲ ವೈದ್ಯರ ಮೇಜಿನ ಮೇಲೆ ಸಾಲಾಗಿ ಇಟ್ಟುಬಿಡಿ. ಜೊತೆಗೆ ಸ್ಪೇಸರನ್ನೂ ಒಯ್ದು, ಹೇಗೆ ಸೇದುತ್ತೀರಿ ಎಂದು ಅವರೆದುರೇ ಒಮ್ಮೆ ಸೇದಿ ತೋರಿಸಿ.